ಆಫರ್ ಲೆಟರ್‌ಗೆ ‘ಬರಲಾಗುವುದಿಲ್ಲ’ ಎಂದು ಬರೆದದ್ದು

ಕೆಲಸದ ಆಫರ್ ಬಂದಾಗ ಎಲ್ಲರೂ ಮೊದಲು ಸಿಟಿಸಿ ನೋಡುತ್ತಾರೆ. ನಾನೂ ಅದನ್ನೇ ನೋಡಿದೆ. ಈಗಿನ ಸಂಬಳಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ ಇತ್ತು. ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಅಂತ ಸೇರಿತ್ತು. ಖುಷಿಯಲ್ಲಿ ಪುಟ ತಿರುಗಿಸಿದೆ. ಎರಡನೇ ಪುಟದಲ್ಲಿ ಒಂದು ಸಾಲು: ಆರಂಭಿಕ ನಿಯೋಜನೆ ನರಸಾಪುರ, ಕೋಲಾರ ಜಿಲ್ಲೆ.

ನಾನಿರುವುದು ಧಾರವಾಡದಲ್ಲಿ. ಬೇಲೂರು ಕೈಗಾರಿಕಾ ಪ್ರದೇಶದ ಒಂದು ಮಶಿನಿಂಗ್ ಘಟಕದಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ವಾಹನಗಳ ಬಿಡಿಭಾಗ ಮಾಡುವ ಕೆಲಸ. ಆಫರ್ ಕೊಟ್ಟ ಕಂಪನಿ ಧಾರವಾಡದ ಹತ್ತಿರ ಹೊಸ ಘಟಕ ತೆರೆಯಲಿದೆ, ಅದಕ್ಕೆ ಕ್ವಾಲಿಟಿ ಮ್ಯಾನೇಜರ್ ಬೇಕು ಅಂತ ಕನ್ಸಲ್ಟೆನ್ಸಿಯವರು ಕರೆದಿದ್ದರು. ಇಂಟರ್‌ವ್ಯೂಗಳ ಉದ್ದಕ್ಕೂ ಮಾತಾಡಿದ್ದು ಆ ಘಟಕದ ಬಗ್ಗೆಯೇ. ಈಗ ಪತ್ರದಲ್ಲಿ ನೋಡಿದರೆ ಸುಮಾರು 500 ಕಿಲೋಮೀಟರ್ ಆಚೆಯ ಊರು. ಹೆಂಡತಿ ಇಲ್ಲಿನ ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಮಗಳು ಜೂನ್‌ಗೆ ಹತ್ತನೇ ತರಗತಿ. ನಾನೊಬ್ಬನೇ ಹೋಗಿ ರೂಮು ಮಾಡಿಕೊಂಡಿರುವ ಪೈಕಿಯೂ ಅಲ್ಲ.

ಹಾಗಂತ ಆ ಕಂಪನಿಯ ನಂಟು ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ. ಅದಕ್ಕೆ ಕಾರಣ ಎರಡನೇ ಸುತ್ತಿನ ಇಂಟರ್‌ವ್ಯೂ. ಕಂಪನಿಯ ಕ್ವಾಲಿಟಿ ಮುಖ್ಯಸ್ಥರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಲಿಲ್ಲ. ನೇರ ಮಾಪನದ ಕೋಣೆಗೆ ಕರೆದುಕೊಂಡು ಹೋಗಿ, ತೆಳು ಗೋಡೆಯ ಒಂದು ಅಲ್ಯೂಮಿನಿಯಂ ಹೌಸಿಂಗ್ ಕೈಗಿಟ್ಟರು. ‘ಬೋರ್ ಗೇಜ್‌ನಲ್ಲಿ ಎಲ್ಲ ಪೀಸೂ ಓಕೆ. ಗ್ರಾಹಕರ ಕಡೆ ಬೇರಿಂಗ್ ಕೂರಲ್ಲ. ಎಲ್ಲಿ ನೋಡ್ತೀರಿ?’ ಅಂದರು. ಮೂರು ದವಡೆಯ ಚಕ್‌ನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ, ಬಿಟ್ಟಾಗ ಗೋಡೆ ಹಿಂದಕ್ಕೆ ಸರಿದು ತೂತು ಮೂರು ಮೂಲೆಯ ಆಕಾರಕ್ಕೆ ತಿರುಗುತ್ತದೆ. ಎದುರುಬದುರು ಎರಡೇ ಬಿಂದು ಮುಟ್ಟುವ ಗೇಜ್‌ಗೆ ಅದು ಸಿಗುವುದೇ ಇಲ್ಲ, ಯಾವ ಕಡೆ ತಿರುಗಿಸಿದರೂ ಅದೇ ಅಳತೆ ತೋರಿಸುತ್ತದೆ. ನಮ್ಮಲ್ಲೂ ಒಮ್ಮೆ ಇದೇ ಕಾಟ ಇತ್ತು. ಆಮೇಲೆ ಚಕ್‌ಗೆ ಸಾಫ್ಟ್ ಜಾ, ಅಂದರೆ ಮೃದು ಲೋಹದ ದವಡೆ ಹಾಕಬೇಕೋ, ಒತ್ತಡ ಎಷ್ಟು ಇಳಿಸಬಹುದೋ ಅಂತ ಚಹಾ ತಣ್ಣಗಾಗುವವರೆಗೂ ಮಾತಾಡಿದೆವು. ಅಂಥವರ ಕೈಕೆಳಗೆ ಕೆಲಸ ಮಾಡಬೇಕು ಅನ್ನಿಸಿತ್ತು.

ಹಾಗಾಗಿ ಈ ಸಲ ಬೇಡ, ಮುಂದೆ ಬೇಕಾಗಬಹುದು ಅನ್ನುವುದು ನನಗೆ ಬರೀ ಶಿಷ್ಟಾಚಾರದ ಮಾತಾಗಿರಲಿಲ್ಲ.

ಮೊದಲು ಮಾಡಿದ್ದು ಪ್ರಶ್ನೆ ಕೇಳಿದ್ದು. ನಿರಾಕರಣೆಯ ಪತ್ರ ಆಮೇಲಿನ ಮಾತು. ಇವೆರಡನ್ನೂ ಒಂದೇ ಮೇಲ್‌ನಲ್ಲಿ ಸೇರಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ನರಸಾಪುರ ಆಗಲ್ಲ, ಆದ್ದರಿಂದ ಬರಲ್ಲ, ಧಾರವಾಡ ಕೊಟ್ಟರೆ ನೋಡೋಣ’ ಅಂತ ಒಟ್ಟಿಗೇ ಬರೆದರೆ ಎದುರಿನವರಿಗೆ ಅದು ಚೌಕಾಸಿಯಾಗಿ ಕಾಣುತ್ತದೆ. ಆಮೇಲೆ ಎಷ್ಟು ನಿಜವಾಗಿ ಬೇಡ ಅಂದರೂ, ಇವನು ಇನ್ನೂ ಸ್ವಲ್ಪ ಎಳೆಯುತ್ತಿದ್ದಾನೆ ಅಂತಲೇ ಅಂದುಕೊಳ್ಳುತ್ತಾರೆ. ಅದಕ್ಕೇ ಮೊದಲ ಮೇಲ್‌ನಲ್ಲಿ ಎರಡೇ ವಿಷಯ ಕೇಳಿದೆ. ಪತ್ರದಲ್ಲಿರುವ ನಿಯೋಜನೆಯ ಊರು ಸರಿಯೇ? ಧಾರವಾಡದ ಘಟಕಕ್ಕೆ ಯಾವಾಗ ಕಳಿಸುತ್ತೀರಿ ಅನ್ನುವುದನ್ನು ಪತ್ರದಲ್ಲಿ ಸೇರಿಸಲು ಆಗುತ್ತದೆಯೇ?

ಎಚ್‌ಆರ್ ಸೋಮವಾರ ಫೋನ್ ಮಾಡಿದರು. ‘ಸರ್, ಆ ಪ್ರಾಜೆಕ್ಟ್ ಸ್ವಲ್ಪ ಮುಂದೆ ಹೋಗಿದೆ. ನೀವು ಜಾಯಿನ್ ಆಗಿ, ಅಲ್ಲಿ ಶುರು ಆದ ತಕ್ಷಣ ನಿಮ್ಮನ್ನೇ ಕಳಿಸ್ತೀವಿ’ ಅಂದರು. ಅದನ್ನೇ ಒಂದು ಸಾಲು ಬರೆದು ಕೊಡಬಹುದಾ ಅಂತ ಕೇಳಿದೆ. ಅದಾಗಲ್ಲ, ಟೆಂಪ್ಲೇಟ್ ಬದಲಾಯಿಸೋಕೆ ಬರಲ್ಲ ಅಂದರು. ಪಾಪ, ಅವರ ಕೈಯಲ್ಲೂ ಇರಲಿಲ್ಲ ಬಿಡಿ. ಆದರೆ ಪತ್ರದಲ್ಲಿ ಇಲ್ಲದ್ದನ್ನು ನಂಬಿ ಮನೆ ಎತ್ತಿಕೊಂಡು ಹೋಗಲು ನಾನು ತಯಾರಿರಲಿಲ್ಲ. ಅಲ್ಲಿಗೆ ನಿರ್ಧಾರ ಆಯಿತು.

ಇದರ ನಡುವೆ ಸಲಹೆಗಳಿಗೇನೂ ಬರ ಇರಲಿಲ್ಲ. ಆಫರ್ ಒಪ್ಪಿಕೊಳ್ಳಲು ಐದು ಕೆಲಸದ ದಿನಗಳ ಗಡುವು ಇತ್ತು. ಸಹೋದ್ಯೋಗಿಯೊಬ್ಬ, ‘ಸುಮ್ನೆ ಬಿಡು, ಐದು ವರ್ಕಿಂಗ್ ಡೇ ಆದ್ಮೇಲೆ ತಾನೇ ಬಿದ್ದುಹೋಗ್ತೈತಿ’ ಅಂದ. ಅದು ಕಾನೂನಿನ ಪ್ರಕಾರ ಸರಿಯೇ. 1872ರ ಭಾರತೀಯ ಕರಾರು ಕಾಯ್ದೆಯ 6ನೇ ಸೆಕ್ಷನ್ ಹೇಳುವುದೂ ಅದನ್ನೇ: ಒಪ್ಪಿಕೊಳ್ಳಲು ಕೊಟ್ಟ ಗಡುವು ಮುಗಿದರೆ ಪ್ರಸ್ತಾವ ಅಲ್ಲಿಗೆ ರದ್ದು. ಇನ್ನೊಬ್ಬ ಇನ್ನೂ ಜಾಣ. ‘ಅಕ್ಸೆಪ್ಟ್ ಒತ್ತಿ ಇಡು. ನೋಟಿಸ್ ಪೀರಿಯಡ್ ಮೂರು ತಿಂಗಳು ಇರ್ತದ. ಅಷ್ಟರಾಗ ಇದನ್ನ ತೋರಿಸಿ ಇನ್ನೊಂದು ಆಫರ್ ತಗೊ. ಜಾಯಿನಿಂಗ್ ದಿನ ಫೋನ್ ಸ್ವಿಚ್ ಆಫ್ ಮಾಡು.’ ಹೀಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ ಅನ್ನುವುದು ನನಗೂ ಗೊತ್ತು. ಆದರೆ ಈ ಪತ್ರದಲ್ಲಿ ಇನ್ನೊಂದು ಷರತ್ತೂ ಇತ್ತು. ಒಪ್ಪಿಕೊಂಡ ಒಂದು ವಾರದೊಳಗೆ ಈಗಿನ ಕಂಪನಿ ರಾಜೀನಾಮೆ ಸ್ವೀಕರಿಸಿದ ಮೇಲ್ ಅಪ್‌ಲೋಡ್ ಮಾಡಬೇಕು. ಅಂದರೆ ಅಕ್ಸೆಪ್ಟ್ ಒತ್ತುವುದು ಬರೀ ಬೆರಳಾಟ ಅಲ್ಲ.

ಬೆಂಗಳೂರಿನಲ್ಲಿ ಎಚ್‌ಆರ್ ಆಗಿರುವ ನಮ್ಮ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ಆಚೆ ಬದಿಯ ಕಥೆ ಹೇಳಿದ. ‘ತಮ್ಮಾ, ನೀ ಸುಮ್ಮ ಕುಂತಿ ಅಂದ್ರ ನಾವು ಎರಡನೇ ಕ್ಯಾಂಡಿಡೇಟ್‌ನ ಹಿಡ್ಕೊಂಡು ಕುಂತಿರ್ತೇವಿ. ಅವಂಗ ಇಲ್ಲ ಅನ್ನಂಗಿಲ್ಲ, ಹೂಂ ಅನ್ನಂಗಿಲ್ಲ. ನೀ ಇಲ್ಲ ಅಂತ ಹೇಳೂದ್ರಾಗ ಅವ ಬ್ಯಾರೆ ಕಡೆ ಸೇರಿರ್ತಾನ. ಆಮೇಲೆ ಮತ್ತ ಮೊದಲಿಂದ ಶುರು. ಸಿಟ್ಟು ಬರೂದು ಇಲ್ಲ ಅಂದಿದ್ದಕ್ಕಲ್ಲ. ತಡಾ ಮಾಡಿದ್ದಕ್ಕ.’

ಈ ಮಾತು ತಲೆಯಲ್ಲಿ ಕೂತಿತು. ಗಡುವು ಗುರುವಾರ ಸಂಜೆ. ನಾನು ಮಂಗಳವಾರವೇ ಹೇಳುವುದು ಅಂತ ಮಾಡಿದೆ. ಒಳ್ಳೆಯ ಮಾತುಗಳಿಂದ ತುಂಬಿದ ಪತ್ರ ಗುರುವಾರ ಸಂಜೆ ಹೋಗುವುದಕ್ಕಿಂತ, ಸಾದಾ ಪತ್ರ ಮಂಗಳವಾರ ಹೋಗುವುದು ಅವರಿಗೆ ಹೆಚ್ಚು ಉಪಯೋಗ.

ಯಾರಿಗೆ ಬರೆಯುವುದು ಅನ್ನುವುದೇ ಮುಂದಿನ ತಕರಾರು. ಕನ್ಸಲ್ಟೆನ್ಸಿಯವರು, ‘ನೀವು ಡೈರೆಕ್ಟ್ ಮೇಲ್ ಹಾಕಬೇಡಿ ಸರ್, ನಾನೇ ಹೇಳ್ತೀನಿ’ ಅಂತ ಹಟ ಹಿಡಿದರು. ಅವರ ಸಂಕಟ ಅರ್ಥವಾಗುತ್ತದೆ. ನಮ್ಮಲ್ಲಿ ಕನ್ಸಲ್ಟೆನ್ಸಿಯ ಫೀ ಸಾಮಾನ್ಯವಾಗಿ ವರ್ಷದ ಸಿಟಿಸಿಯ 8.33 ಶೇಕಡಾ, ಅಂದರೆ ಒಂದು ತಿಂಗಳ ಲೆಕ್ಕ. ಅದೂ ಕ್ಯಾಂಡಿಡೇಟ್ ಸೇರಿದ ಮೇಲೆಯೇ ಕೈಗೆ ಬರುವುದು. ನಾನು ಬರಲ್ಲ ಅಂದರೆ ಅವರ ತಿಂಗಳುಗಟ್ಟಲೆಯ ಓಡಾಟ ನೀರಿಗೆ. ಹಾಗಾಗಿ ಇಂಥ ಹೊತ್ತಿನಲ್ಲಿ ಎಲ್ಲರಿಗಿಂತ ಜೋರಾಗಿ ಒತ್ತಾಯಿಸುವವರು ಅವರೇ. ನಮ್ಮ ಕಾರಣವನ್ನು ಅವರ ಬಾಯಿಯಲ್ಲಿ ಬಿಟ್ಟರೆ ಅಲ್ಲಿಗೆ ತಲುಪುವುದು ‘ಕ್ಯಾಂಡಿಡೇಟ್‌ಗೆ ಜಾಸ್ತಿ ದುಡ್ಡು ಬೇಕಂತೆ’ ಅಂತಲೂ ಆಗಬಹುದು. ನಾನು ದುಡ್ಡಿನ ಮಾತೇ ಎತ್ತಿರಲಿಲ್ಲ. ಅದಕ್ಕೆ ಅವರಿಗೆ ಮೊದಲೇ ಫೋನಿನಲ್ಲಿ ತಿಳಿಸಿದೆ. ‘ಪತ್ರ ನಾನೇ ಬರೆಯುತ್ತೇನೆ, ನಿಮ್ಮನ್ನು ಸಿಸಿಯಲ್ಲಿ ಇಡುತ್ತೇನೆ’ ಅಂದೆ. ಒಂದಿಷ್ಟು ಗೊಣಗಿ ಒಪ್ಪಿದರು.

ಪತ್ರಕ್ಕಿಂತ ಮೊದಲು ಕ್ವಾಲಿಟಿ ಮುಖ್ಯಸ್ಥರಿಗೆ ಫೋನ್ ಮಾಡುವುದು ಅಂತ ತೀರ್ಮಾನಿಸಿದೆ. ಬೋರಿನ ಮೂಲೆ ಹುಡುಕುತ್ತ ನನ್ನ ಜೊತೆ ಅಷ್ಟು ಹೊತ್ತು ಕಳೆದವರಿಗೆ ಸುದ್ದಿ ಎಚ್‌ಆರ್ ಫಾರ್ವರ್ಡ್ ಮಾಡಿದ ಮೇಲ್‌ನಿಂದ ತಿಳಿಯಬಾರದು, ಅಲ್ವಾ? ಫ್ಯಾಕ್ಟರಿಯವರಿಗೆ ಬೆಳಿಗ್ಗೆ ಹೊತ್ತು ಮಾಡಬಾರದು. ಆಗ ಪ್ರೊಡಕ್ಷನ್ ಮೀಟಿಂಗ್ ಇರುತ್ತದೆ, ಹಿಂದಿನ ಶಿಫ್ಟಿನ ರಿಜೆಕ್ಷನ್ ಗಲಾಟೆ ಇರುತ್ತದೆ. ಊಟದ ನಂತರ ಮಾಡಿದೆ. ವಿಷಯ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, ‘ಧಾರವಾಡದ್ದು ಮುಂದೆ ಹೋಗಿದ್ದು ನಂಗೂ ಬೇಜಾರೇ. ನೀವು ಮೊದಲೇ ಹೇಳಿದ್ದು ಒಳ್ಳೇದಾಯ್ತು, ನಾನು ಇನ್ನೊಬ್ಬರ ಹತ್ರ ಮಾತಾಡ್ತೀನಿ. ಮೇಲ್ ಹಾಕಿಬಿಡಿ’ ಅಂದರು. ಫೋನ್ ಇಟ್ಟ ಮೇಲೆ ಮೇಲ್ ಆ ಹೊತ್ತಿನಲ್ಲೇ ಹೋಗಬೇಕು. ಬಾಯಿಮಾತಿಗೂ ಬರಹಕ್ಕೂ ನಡುವೆ ಒಂದು ರಾತ್ರಿ ಬಿಟ್ಟರೆ, ಅಷ್ಟರಲ್ಲಿ ಒಲಿಸುವ ಫೋನುಗಳು ಶುರುವಾಗುತ್ತವೆ.

ಕರಡನ್ನು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆ. ಊಟ ಆದ ಮೇಲೆ ಹೆಂಡತಿಗೆ ಓದಿ ಹೇಳಿದೆ. ಅದರಲ್ಲಿ ಮಗಳ ಓದು, ಹೆಂಡತಿಯ ನೌಕರಿ, ನನ್ನ ತಾಯಿಯ ಮಂಡಿನೋವು ಎಲ್ಲ ಇತ್ತು. ‘ತುಂಬಾ ನೋವಿನಿಂದ’, ‘ಭಾರವಾದ ಮನಸ್ಸಿನಿಂದ’, ‘ದಯವಿಟ್ಟು ತಪ್ಪು ತಿಳಿಯಬೇಡಿ’ ಅಂತೆಲ್ಲ ಬಂದಿತ್ತು. ಕೇಳಿದವಳು, ‘ಇಷ್ಟ್ ಉದ್ದ ಯಾಕ್ ಬರದೀರಿ? ಬರಂಗಿಲ್ಲ ಅಂತ ಹೇಳಾಕ ಹತ್ತೀರೋ, ಕರೀರಿ ಅಂತ ಹೇಳಾಕ ಹತ್ತೀರೋ, ನನಗಂತೂ ತಿಳೀಲಿಲ್ಲ’ ಅಂದಳು. ಬ್ಯಾಂಕಿನಲ್ಲಿ ಸಾಲ ಇಲ್ಲ ಅಂತ ದಿನಾ ಪತ್ರ ಬರೆಯುವವಳು ಅವಳು. ಮೊದಲ ಸಾಲಿನಲ್ಲೇ ಇಲ್ಲ ಅನ್ನಬೇಕು, ಇಲ್ಲದಿದ್ದರೆ ಗ್ರಾಹಕ ಮಧ್ಯದ ಸಾಲುಗಳಲ್ಲಿ ಆಸೆ ಹುಡುಕುತ್ತಾನೆ ಅನ್ನುವುದು ಅವಳ ಅನುಭವ. ಇಬ್ಬರೂ ಕೂತು ಕತ್ತರಿಸಿದೆವು. ಮೇಲ್ ಕಳಿಸಿದ್ದು ಇಂಗ್ಲಿಷ್‌ನಲ್ಲಿ, ನಮ್ಮ ಕಡೆ ಕಂಪನಿಯ ಪತ್ರಗಳೆಲ್ಲ ಹಾಗೇ ತಾನೇ. ಒಳಗಿದ್ದ ವಿಷಯ ಇಷ್ಟು:

‘ಮಾನ್ಯರೇ,

ಕ್ವಾಲಿಟಿ ಮ್ಯಾನೇಜರ್ ಹುದ್ದೆಗೆ ನೀವು ಕಳಿಸಿದ ಆಫರ್ ಲೆಟರ್‌ಗೆ ಧನ್ಯವಾದ. ಯೋಚಿಸಿ ನೋಡಿದೆ. ಈ ಆಫರ್ ಅನ್ನು ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ.

ಕಾರಣ ಕೆಲಸದ ಊರು. ಮನೆಯ ಜವಾಬ್ದಾರಿಯಿಂದಾಗಿ ಮುಂದಿನ ಏಪ್ರಿಲ್‌ವರೆಗೆ ಧಾರವಾಡ ಬಿಟ್ಟು ಬರಲಾರೆ. ಹುದ್ದೆ, ಸಂಬಳ ಅಥವಾ ಬೇರೆ ಷರತ್ತುಗಳ ಬಗ್ಗೆ ನನ್ನ ತಕರಾರಿಲ್ಲ. ಹಾಗಾಗಿ ಅವುಗಳಲ್ಲಿ ಬದಲಾವಣೆ ಕೇಳುತ್ತಿಲ್ಲ.

ಮಾಪನ ಕೋಣೆಯಲ್ಲಿ ಹೌಸಿಂಗ್‌ನ ಬೋರ್ ಬಗ್ಗೆ ನಡೆದ ಮಾತುಕತೆ ನನಗೆ ಬಹಳ ಹಿಡಿಸಿತು. ನಿಮ್ಮ ತಂಡ ಅದಕ್ಕೆ ಕೊಟ್ಟ ಸಮಯಕ್ಕೆ ಋಣಿ.

ಧಾರವಾಡದ ಘಟಕಕ್ಕೆ ನೇಮಕಾತಿ ಶುರುವಾದಾಗ, ಅಥವಾ ಏಪ್ರಿಲ್ ನಂತರ ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಭಾಗದಲ್ಲಿ ಕ್ವಾಲಿಟಿಯ ಹುದ್ದೆ ಇದ್ದಾಗ, ಹೊಸದಾಗಿ ಅರ್ಜಿ ಹಾಕಲು ನನಗೆ ಆಸಕ್ತಿ ಇದೆ. ನನ್ನ ಸ್ವಂತ ಮೇಲ್ ಮತ್ತು ಫೋನ್ ನಂಬರ್ ಕೆಳಗಿದೆ.’

ಅಷ್ಟೇ. ಕೆಳಗೆ ಹೆಸರು, ನಂಬರ್. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಆಫರ್‌ನ ರೆಫರೆನ್ಸ್ ನಂಬರ್, ‘ಆಫರ್ ಒಪ್ಪಿಕೊಳ್ಳುತ್ತಿಲ್ಲ’ ಅಂತ. ‘ನನ್ನ ನಿರ್ಧಾರ’ ಅಂತ ಹಾಕುವವರಿದ್ದಾರೆ. ಆದರೆ ಎಚ್‌ಆರ್‌ಗೆ ಮೇಲ್ ತೆರೆಯದೆಯೂ ವಿಷಯ ಗೊತ್ತಾಗಬೇಕು. ಅವರು ಎರಡನೆಯವರಿಗೆ ಫೋನ್ ಮಾಡಬೇಕಲ್ಲ.

ಈ ಪತ್ರದಲ್ಲಿ ನಾವು ಹೆಚ್ಚು ಹೊತ್ತು ಕೂತದ್ದು ಎರಡು ಜಾಗದಲ್ಲಿ. ಒಂದು, ಕಾರಣದ ಸಾಲು. ಕಾರಣ ಹೇಳದೆ ‘ವೈಯಕ್ತಿಕ ಕಾರಣಗಳಿಂದ’ ಅಂತ ಮುಗಿಸಬಹುದಿತ್ತು. ತುಂಬಾ ಜನ ಹಾಗೇ ಮಾಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರಿಂದ ಮುಂದೆ ಯಾವಾಗ ಕರೆಯಬಹುದು ಅನ್ನುವುದು ಅವರಿಗೆ ತಿಳಿಯುವುದಿಲ್ಲ. ಸುಳ್ಳು ಕಾರಣ ಕೊಟ್ಟರೂ ಅಷ್ಟೇ. ಬೇರೆ ಕಡೆ ಸಿಕ್ಕಿತು ಅಂತ ಬರೆದಿದ್ದರೆ ನನ್ನನ್ನು ಕರೆಯುವ ಯೋಚನೆಯನ್ನೇ ಬಿಡುತ್ತಿದ್ದರು. ಸಂಬಳ ಸಾಲದು ಅಂದಿದ್ದರೆ ಮಾರನೇ ದಿನ ಸಂಬಳ ಏರಿಸಿ ಫೋನ್ ಮಾಡುತ್ತಿದ್ದರು, ಆಗ ಬೇಡ ಅನ್ನಲು ಇನ್ನೊಂದು ಸುಳ್ಳು ಹುಡುಕಬೇಕು. ನಿಜವಾದ ಕಾರಣದಲ್ಲೇ ಮುಂದೆ ಯಾವಾಗ ಬರಬಹುದು ಅನ್ನುವುದೂ ಇತ್ತು. ಊರು ಮತ್ತು ಏಪ್ರಿಲ್, ಅವೆರಡು ಸಾಕು. ಮಗಳು, ತಾಯಿ, ಮಂಡಿನೋವು ಎಲ್ಲ ‘ಮನೆಯ ಜವಾಬ್ದಾರಿ’ ಅನ್ನುವ ಒಂದು ಮಾತಿನಲ್ಲಿ ಅಡಗಿದವು. ಆ ಪತ್ರ ಎಷ್ಟು ಜನರ ಕೈ ಸೇರುತ್ತದೋ ಯಾರಿಗೆ ಗೊತ್ತು.

‘ಧಾರವಾಡ ಅಂತ ಹೇಳಿ ನರಸಾಪುರಕ್ಕೆ ಹಾಕಿದಿರಿ’ ಅನ್ನುವ ಸಿಟ್ಟು ಕರಡಿನಲ್ಲಿ ಒಂದು ಸಾಲು ಇತ್ತು. ಸಿಟ್ಟು ನ್ಯಾಯವಾದದ್ದೇ. ಆದರೂ ತೆಗೆದೆ. ಅದನ್ನು ಪ್ರಶ್ನೆಯ ಮೇಲ್‌ನಲ್ಲಿ ಆಗಲೇ ಕೇಳಿ ಆಗಿತ್ತು, ಉತ್ತರವೂ ಬಂದಿತ್ತು.

ಇನ್ನೊಂದು, ಕೊನೆಯ ಪ್ಯಾರಾ. ‘ಮುಂದೆ ಅವಕಾಶ ಇದ್ದರೆ ದಯವಿಟ್ಟು ನೆನಪಿಡಿ’ ಅನ್ನುವುದು ಎಲ್ಲ ಮಾದರಿ ಪತ್ರಗಳಲ್ಲೂ ಇರುತ್ತದೆ. ಓದುವವರು ಅದನ್ನು ‘ಇಂತಿ ನಿಮ್ಮ ವಿಶ್ವಾಸಿ’ ಅನ್ನುವಷ್ಟೇ ಲೆಕ್ಕಕ್ಕೆ ಇಡುತ್ತಾರೆ. ಅದರ ಬದಲು ಯಾವ ಭಾಗ, ಯಾವ ಕೆಲಸ, ಯಾವಾಗಿನಿಂದ ಅಂತ ಹೇಳಿದರೆ ಅದು ಮಾಹಿತಿಯಾಗುತ್ತದೆ. ಆದರೆ ಅಲ್ಲೂ ಒಂದು ಗೆರೆ ಇದೆ. ‘ಖಂಡಿತ ಬರುತ್ತೇನೆ’ ಅಂತ ನಾನು ಬರೆದಿದ್ದೆ, ಹೆಂಡತಿ ಹೊಡೆದು ಹಾಕಿದಳು. ಇನ್ನೊಂದು ವರ್ಷಕ್ಕೆ ಏನಿರುತ್ತದೋ, ಆಣೆ ಯಾಕೆ? ‘ಹುದ್ದೆ ಖಾಲಿ ಇಡಿ’ ಅನ್ನುವ ಅರ್ಥ ಬರುವ ಮಾತೂ ಬೇಡ. ಅದಕ್ಕೇ ‘ಹೊಸದಾಗಿ ಅರ್ಜಿ’ ಅಂತ ಸೇರಿಸಿದ್ದು. ಆಗ ಮತ್ತೆ ಇಂಟರ್‌ವ್ಯೂ ಕೊಡಲು ನಾನು ತಯಾರು, ಹಳೆಯ ಆಫರ್ ಹಿಡಿದುಕೊಂಡು ಬರುವುದಿಲ್ಲ ಅಂತ ಅರ್ಥ. ಹಳೆಯ ಸಂಬಳದ ಲೆಕ್ಕವೂ ಅಲ್ಲಿಗೆ ಮುಗಿಯುತ್ತದೆ, ನನಗೂ ಅದು ಒಳ್ಳೆಯದೇ.

ಬೋರಿನ ಸಾಲನ್ನು ಇಡಬೇಕೋ ಬೇಡವೋ ಅಂತ ಅನುಮಾನ ಇತ್ತು. ಎಚ್‌ಆರ್‌ಗೆ ಅದು ಗ್ರೀಕ್ ಲ್ಯಾಟಿನ್. ಆದರೆ ಕ್ವಾಲಿಟಿ ಮುಖ್ಯಸ್ಥರು ಓದಿದರೆ ಆ ಮಧ್ಯಾಹ್ನ ಅವರಿಗೆ ನೆನಪಾಗುತ್ತದೆ. ಇಟ್ಟೆ.

ಕಳಿಸಿದ್ದು ಸ್ವಂತ ಜಿಮೇಲ್‌ನಿಂದ. ಈಗಿನ ಕಂಪನಿಯ ಮೇಲ್‌ನಿಂದ ಇಂಥದ್ದು ಕಳಿಸಬಾರದು ಅಂತ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ‘ಟು’ದಲ್ಲಿ ಎಚ್‌ಆರ್ ಮತ್ತು ಕ್ವಾಲಿಟಿ ಮುಖ್ಯಸ್ಥರು, ಸಿಸಿಯಲ್ಲಿ ಕನ್ಸಲ್ಟೆನ್ಸಿ.

ಅದಾದ ಮೇಲೆಯೇ ನೇಮಕಾತಿ ಪೋರ್ಟಲ್‌ಗೆ ಹೋಗಿ ‘ಡಿಕ್ಲೈನ್’ ಒತ್ತಿದೆ. ಈ ಅನುಕ್ರಮ ನಮ್ಮ ದೊಡ್ಡಪ್ಪನ ಮಗ ಹೇಳಿಕೊಟ್ಟದ್ದು. ಮೊದಲೇ ಬಟನ್ ಒತ್ತಿದರೆ ಎಷ್ಟೋ ಕಡೆ ತಾನೇ ತಾನಾಗಿ ಮೇಲ್ ಹೋಗಿಬಿಡುತ್ತದೆ. ನಮ್ಮ ಫೋನಿಗಿಂತ, ಪತ್ರಕ್ಕಿಂತ ಮೊದಲು ಮುಖ್ಯಸ್ಥರಿಗೆ ‘ಕ್ಯಾಂಡಿಡೇಟ್ ನಿರಾಕರಿಸಿದ್ದಾರೆ’ ಅನ್ನುವ ಒಣ ಸುದ್ದಿ ಮುಟ್ಟುತ್ತದೆ. ಬಟನ್ ಒತ್ತಿದಾಗ ಕಾರಣ ಆರಿಸುವ ಪಟ್ಟಿ ಬಂತು. ಸಂಬಳ, ಊರು, ಬೇರೆ ಆಫರ್, ವೈಯಕ್ತಿಕ, ಹೀಗೆ. ಮನಸ್ಸಿಗೆ ಬಂದದ್ದನ್ನು ಒತ್ತಿ ಮುಗಿಸುವ ಜಾಗ ಅಲ್ಲ ಇದು. ಮೇಲ್ ಎಚ್‌ಆರ್‌ನ ಇನ್‌ಬಾಕ್ಸ್‌ನಲ್ಲಿ ಮುಳುಗಿ ಹೋಗಬಹುದು, ಆದರೆ ಈ ಪಟ್ಟಿಯಲ್ಲಿ ಆರಿಸಿದ್ದು ನಮ್ಮ ಹೆಸರಿನ ಮುಂದೆ ದಾಖಲೆಯಲ್ಲಿ ಉಳಿಯುತ್ತದೆ. ಪತ್ರದಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು ಆಗಬಾರದು. ‘ಊರು’ ಅಂತ ಆರಿಸಿದೆ.

ಮಾರನೇ ದಿನ ಎಚ್‌ಆರ್ ಮತ್ತೆ ಫೋನ್ ಮಾಡಿದರು. ಊಹಿಸಿದ್ದೇ. ‘ಸರ್, ಜಾಯಿನಿಂಗ್ ಬೋನಸ್ ಸೇರಿಸಬಹುದಾ ಅಂತ ಕೇಳಿ ನೋಡ್ತೀನಿ. ವಾರದ ಕೊನೆಗೆ ಊರಿಗೆ ಹೋಗಿ ಬನ್ನಿ, ಎಷ್ಟೋ ಜನ ಹಾಗೇ ಮಾಡ್ತಾರೆ’ ಅಂದರು. ಆಸೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಸೇರುವಾಗ ಕೊಡುವ ಬೋನಸ್‌ಗೆ ಸಾಮಾನ್ಯವಾಗಿ ಒಂದು ಬಾಲ ಇರುತ್ತದೆ: ಇಂತಿಷ್ಟು ದಿನದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ಊರಿನ ಕಾರಣಕ್ಕೇ ಹಿಂದೆ ಬರುವ ಸಾಧ್ಯತೆ ಇರುವವನಿಗೆ ಅದು ಬಲೆ. ಮತ್ತೆ, ಈಗ ನಾನು ಒಪ್ಪಿದರೆ ಪತ್ರದಲ್ಲಿ ‘ಬೇರೆ ಷರತ್ತುಗಳ ಬಗ್ಗೆ ತಕರಾರಿಲ್ಲ’ ಅಂತ ಬರೆದದ್ದಕ್ಕೆ ಏನು ಬೆಲೆ? ಪತ್ರದ ಆ ಸಾಲನ್ನೇ ಮತ್ತೆ ಹೇಳಿದೆ. ‘ಮೇಡಂ, ದುಡ್ಡಿನ ವಿಷಯ ಅಲ್ಲ. ಊರು ಬದಲಾದರೆ ನಾನೇ ನಿಮಗೆ ಫೋನ್ ಮಾಡ್ತೀನಿ.’ ಅವರ ದನಿ ಸಡಿಲವಾಯಿತು. ‘ಸರಿ ಸರ್, ನೋಟ್ ಹಾಕಿಡ್ತೀನಿ’ ಅಂದರು.

ಅದೇ ಮಾತಿನ ಕೊನೆಗೆ ಇನ್ನೊಂದು ವಿಷಯ ಹೇಳಿದೆ. ನನ್ನ ಜೊತೆ ಹಿಂದೆ ಕೆಲಸ ಮಾಡಿದ್ದ ಒಬ್ಬ ಈಗ ಹೊಸಕೋಟೆಯಲ್ಲಿದ್ದಾನೆ, ಬೋರಿಂಗ್ ಲೈನ್ ಚೆನ್ನಾಗಿ ಗೊತ್ತು, ಬದಲಾವಣೆ ನೋಡುತ್ತಿದ್ದಾನೆ. ಅವನನ್ನು ಮೊದಲೇ ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದೆ. ಕೇಳದೆ ಯಾರ ನಂಬರೂ ಕೊಡಬಾರದು, ಈಗಿನ ನಮ್ಮ ಕಂಪನಿಯವರ ಹೆಸರಂತೂ ಹೇಳಲೇಬಾರದು. ಅವನಿಗೆ ಆ ಕೆಲಸ ಸಿಗಲಿಲ್ಲ, ಬೇರೆಯವರು ಬಂದರು. ಆದರೂ ಖಾಲಿ ಬಿಟ್ಟ ಜಾಗದ ಕಡೆ ಒಂದು ದಾರಿ ತೋರಿಸಿ ಬಂದ ಹಾಗಾಯಿತು.

ಕ್ವಾಲಿಟಿ ಮುಖ್ಯಸ್ಥರಿಂದ ಎರಡೇ ಸಾಲಿನ ಉತ್ತರ ಬಂತು. ‘ಅರ್ಥವಾಯಿತು. ಸಂಪರ್ಕದಲ್ಲಿರಿ. ಸಾಫ್ಟ್ ಜಾ ಹಾಕಿ ನೋಡಿದೆವು, ಸುಧಾರಿಸಿದೆ.’ ಎಚ್‌ಆರ್‌ನಿಂದ ಬರಹದಲ್ಲಿ ಏನೂ ಬರಲಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ, ಅವರ ಪಾಲಿಗೆ ಆ ಫೈಲ್ ಮುಗಿದಿತ್ತು.

ಸಂಪರ್ಕದಲ್ಲಿರುವುದು ಅಂದರೆ ಹಬ್ಬಕ್ಕೆ ಹೂವಿನ ಚಿತ್ರ ಕಳಿಸುವುದಲ್ಲ. ನನಗೆ ಅದು ಬರುವುದೂ ಇಲ್ಲ. ಒಮ್ಮೆ ನಮ್ಮಲ್ಲಿ ಅಂಥದೇ ತೆಳು ಗೋಡೆಯ ಭಾಗಕ್ಕೆ ಗಾಳಿಯ ಒತ್ತಡದಿಂದ ತೂತು ಅಳೆಯುವ ಗೇಜ್ ತಂದಾಗ, ಮೂರು ಕಡೆಯಿಂದ ಗಾಳಿ ಬಿಡುವ ಪ್ಲಗ್ ಮಾಡಿಸಿದರೆ ಲೈನಿನಲ್ಲೇ ಆ ಆಕಾರ ಸಿಗುತ್ತದೆ ಅಂತ ಅವರಿಗೆ ಬರೆದೆ. ನಮ್ಮ ಗ್ರಾಹಕರ ಹೆಸರು, ಡ್ರಾಯಿಂಗ್, ಅಂಕಿ ಯಾವುದೂ ಇಲ್ಲದೆ ಬರೀ ಉಪಾಯ. ಏಪ್ರಿಲ್ ಹತ್ತಿರ ಬಂದಾಗ ಇನ್ನೊಂದು ಮೆಸೇಜ್ ಹಾಕಿದೆ: ‘ಪತ್ರದಲ್ಲಿ ಹೇಳಿದ್ದ ಏಪ್ರಿಲ್ ಬಂತು, ಧಾರವಾಡದ ವಿಷಯ ಏನಾದರೂ ಇದೆಯಾ?’ ಇಲ್ಲ ಅಂದರು. ಅದಕ್ಕೆ ಮೀರಿ ಕೇಳಲಿಲ್ಲ.

ಆ ಕಂಪನಿಯಿಂದ ಮುಂದೆ ಒಂದು ಫೋನ್ ಬಂತು. ಹೊಸ ರಿಕ್ರೂಟರ್, ಹಳೆಯ ಎಚ್‌ಆರ್ ಕೆಲಸ ಬಿಟ್ಟಿದ್ದರಂತೆ. ‘ಸರ್, ಹಿಂದೆ ನೀವು ಊರಿನ ಕಾರಣಕ್ಕೆ ಬೇಡ ಅಂದಿದ್ದೀರಿ ಅಂತ ಇಲ್ಲಿ ಇದೆ. ಹೊಸೂರು ಆಗುತ್ತಾ?’ ಹೊಸೂರು ಆಗಲ್ಲ ಅಂದೆ. ನನಗೆ ಸಮಾಧಾನ ಆದದ್ದು ಬೇರೆ ವಿಷಯಕ್ಕೆ. ನೋಟ್ ಹಾಕಿದವರು ಹೋಗಿದ್ದರು, ನೋಟ್ ಮಾತ್ರ ಅಲ್ಲೇ ಇತ್ತು. ಮತ್ತು ಅದರಲ್ಲಿ ‘ಸಂಬಳ’ ಅಂತ ಇರಲಿಲ್ಲ.

ಧಾರವಾಡದ ಘಟಕ ಇನ್ನೂ ಆಗಿಲ್ಲ. ಆಗುವ ಲಕ್ಷಣವೂ ನನಗೆ ಕಾಣುತ್ತಿಲ್ಲ. ಈ ನಡುವೆ ಕ್ವಾಲಿಟಿ ಮುಖ್ಯಸ್ಥರೂ ಆ ಕಂಪನಿ ಬಿಟ್ಟರು. ಅವರ ಕಂಪನಿಯ ಮೇಲ್ ವಿಳಾಸಕ್ಕೆ ಕಳಿಸಿದ್ದು ತಿರುಗಿ ಬಂದಾಗ ಅದು ಗೊತ್ತಾಯಿತು. ಪುಣ್ಯಕ್ಕೆ ನನ್ನ ಪತ್ರದ ಕೆಳಗಿದ್ದ ಸ್ವಂತ ನಂಬರ್ ಅವರ ಫೋನಿನಲ್ಲಿ ಉಳಿದಿತ್ತು. ಹೊಸ ಜಾಗದಿಂದ ಅವರೇ ಕರೆ ಮಾಡಿದರು. ಬೆಳಗಾವಿಯಲ್ಲಿ ಫೌಂಡ್ರಿಗೆ ಸೇರಿದ ಹಾಗೆ ಮಶಿನ್ ಶಾಪ್ ಮಾಡುತ್ತಿದ್ದಾರಂತೆ, ಕ್ವಾಲಿಟಿಗೆ ಜನ ಬೇಕು. ‘ನಿಮ್ಮ ಪತ್ರದಲ್ಲಿ ಬೆಳಗಾವಿ ಅಂತನೂ ಇತ್ತಲ್ಲ, ಅದಕ್ಕೆ ನೆನಪಾಯ್ತು’ ಅಂದರು.

ಬೆಳಗಾವಿ ಧಾರವಾಡದಿಂದ 80 ಕಿಲೋಮೀಟರ್ ಒಳಗೇ. ಮಗಳ ಪಿಯುಸಿ ಇಲ್ಲೇ ನಡೆಯುತ್ತಿದೆ, ನಾನು ದಿನಾ ಓಡಾಡಬಹುದಾ ಅಂತ ಮನೆಯಲ್ಲಿ ಲೆಕ್ಕ ನಡೆದಿದೆ. ಹೋಗಿ ಶಾಪ್ ನೋಡಿ ಬಂದೆ. ಸಂಬಳದ ಮಾತು ಇನ್ನೂ ಆಗಿಲ್ಲ. ಇಂಟರ್‌ವ್ಯೂಗೆ ಮೊದಲು ಕೆಲಸದ ಊರು ಯಾವುದು ಅಂತ ಒಂದು ಸಾಲು ಮೇಲ್ ಹಾಕಿ ಅಂತ ಕೇಳಿದ್ದೆ. ಅವರು ನಕ್ಕು, ಅವತ್ತೇ ಸಂಜೆ ಕಳಿಸಿದರು.